ಸುತ್ತೋಲೆ ಕಳಿಸಿದ ಮೇಲೂ ‘ಯಾವತ್ತು ಮೇಡಂ?’ ಅಂತ ಫೋನ್ ಬರುತ್ತಿದ್ದರೆ

ಪ್ರಶ್ನೆ: ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕಿ. ಪೋಷಕರಿಗೆ ಸುತ್ತೋಲೆ ಬರೆಯುವ ಕೆಲಸ ನನ್ನ ತಲೆಗೇ ಬಂದಿದೆ. ಎಲ್ಲ ವಿವರ ಬರೆದು ಗ್ರೂಪಿಗೆ ಹಾಕಿದರೂ ಹತ್ತು ನಿಮಿಷಕ್ಕೆ ಫೋನ್ ಶುರು: "ಯಾವತ್ತು ಮೇಡಂ? ಎಷ್ಟೊತ್ತಿಗೆ? ಏನು ತರಬೇಕು?" ದಿನ, ಜಾಗ, ಸಮಯ, ಮಾಡಬೇಕಾದ ಕೆಲಸ ಇವನ್ನೇ ಮೇಲೆ ಹಾಕೋಣ ಅಂದರೆ ನಮ್ಮ ಹೆಡ್‌ಮಾಸ್ಟರ್ "ವಿಷಯ, ಉಲ್ಲೇಖ ಇಲ್ಲದೆ ಅದೆಂಥ ಸುತ್ತೋಲೆ" ಅಂತಾರೆ. ಜನವರಿ ಪೋಷಕರ ಸಭೆಯ ಕರಡು ಜೊತೆಗಿಟ್ಟಿದ್ದೇನೆ. ಹೇಗೆ ತಿದ್ದಲಿ ಸರ್?

ಉತ್ತರ: ಕರಡು ಓದಿದೆ ಮೇಡಂ. ಅದರ ಮುಖ್ಯ ಭಾಗ ಇದು:

> ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನಮ್ಮ ಶಾಲೆಯ 10ನೇ ತರಗತಿ ವಿದ್ಯಾರ್ಥಿಗಳ ಕಲಿಕಾ ಮಟ್ಟವನ್ನು ಉತ್ತಮಪಡಿಸುವ ಹಾಗೂ ಫಲಿತಾಂಶ ಸುಧಾರಣೆಯ ನಿಟ್ಟಿನಲ್ಲಿ ಹಲವಾರು ಕ್ರಮಗಳನ್ನು ಕೈಗೊಳ್ಳಲಾಗುತ್ತಿದ್ದು, ಈ ಸಂಬಂಧ ಪೋಷಕರೊಂದಿಗೆ ಚರ್ಚಿಸುವುದು ಅವಶ್ಯಕವಾಗಿರುವುದರಿಂದ ದಿನಾಂಕ: 17.01.2026ರಂದು ಶಾಲಾ ಆವರಣದಲ್ಲಿ ಪೋಷಕರ ಸಭೆಯನ್ನು ಹಮ್ಮಿಕೊಳ್ಳಲಾಗಿದ್ದು, ಸದರಿ ಸಭೆಗೆ ಎಲ್ಲಾ ಪೋಷಕರು ಬೆಳಿಗ್ಗೆ 11.00 ಗಂಟೆಗೆ ತಪ್ಪದೇ ಹಾಜರಾಗುವುದು ಹಾಗೂ ವಿಶೇಷ ತರಗತಿಗಳಿಗೆ ಸಂಬಂಧಿಸಿದ ಒಪ್ಪಿಗೆ ಪತ್ರವನ್ನು ಭರ್ತಿ ಮಾಡಿ 13.01.2026ರೊಳಗಾಗಿ ತರಗತಿ ಶಿಕ್ಷಕರಿಗೆ ತಲುಪಿಸತಕ್ಕದ್ದು.

ಸುಮ್ನೆ ಕೂತು ಎಣಿಸಿದೆ. ಇಡೀ ಪ್ಯಾರಾ ಒಂದೇ ವಾಕ್ಯ, 51 ಪದ. ಸಭೆಯ ದಿನಾಂಕ ಸಿಗುವುದು 25ನೆಯ ಪದದಲ್ಲಿ. ಪೋಷಕರು ಮಾಡಬೇಕಾದ ಮೊದಲ ಕೆಲಸ ‘ಹಾಜರಾಗುವುದು’ 39ನೆಯ ಪದ. ಎರಡನೆಯ ಕೆಲಸ ‘ತಲುಪಿಸತಕ್ಕದ್ದು’ ಕಟ್ಟಕಡೆಯ ಪದ. ಅದರ ದಿನವೋ, ಸಭೆಗಿಂತ ನಾಲ್ಕು ದಿನ ಮುಂಚೆ! ಅಂದರೆ ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಎಲ್ಲಕ್ಕಿಂತ ಕೊನೆಗೆ ಕೂತಿದೆ. ಫೋನ್ ಬರದೆ ಇನ್ನೇನಾದೀತು?

ಇದರಲ್ಲಿ ನಿಮ್ಮ ತಪ್ಪು ಕಡಿಮೆ. ನಾವೆಲ್ಲ ಕಲಿತಿರುವ ಕಚೇರಿ ಕನ್ನಡವೇ ಹೀಗೆ. ನೀವು ಕನ್ನಡ ಪಾಠ ಮಾಡುವವರು, ನಿಮಗೆ ಬೇಗ ಅರ್ಥವಾಗುತ್ತೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. "ಅಮ್ಮ ನಾಳೆ ಸಂತೆಗೆ ಹೋಗುತ್ತಾಳೆ" ಅಂದರೆ ಯಾರಿಗೂ ಕಷ್ಟವಿಲ್ಲ, ನಾಲ್ಕೇ ಪದಕ್ಕೆ ಕೆಲಸ ಸಿಕ್ಕಿಬಿಡುತ್ತೆ. ಕಚೇರಿ ಕನ್ನಡ ಮಾಡುವುದೇನು? ‘ಕೈಗೊಳ್ಳಲಾಗುತ್ತಿದ್ದು’, ‘ಅವಶ್ಯಕವಾಗಿರುವುದರಿಂದ’, ‘ಹಮ್ಮಿಕೊಳ್ಳಲಾಗಿದ್ದು’ ಅಂತ ಒಂದಕ್ಕೊಂದು ಕೊಕ್ಕೆ ಹಾಕುತ್ತಾ ಹೋಗುತ್ತದೆ. ವಾಕ್ಯ ಮುಗಿಯುವುದೇ ಇಲ್ಲ, ಮುಗಿಯದೆ ಕೆಲಸ ಸಿಗುವುದಿಲ್ಲ. ಹಾಗಾಗಿ ಕನ್ನಡದಲ್ಲಿ ಕೆಲಸವನ್ನು ಮೇಲೆ ತರಬೇಕು ಅಂದರೆ ಪದಗಳನ್ನು ಹಿಂದೆ ಮುಂದೆ ಮಾಡಿದರೆ ಸಾಲದು. ವಾಕ್ಯವನ್ನೇ ಗಿಡ್ಡ ಮಾಡಬೇಕು. "ಶನಿವಾರ ಸಭೆಗೆ ಬನ್ನಿ." ಮೂರು ಪದ. ಕ್ರಿಯಾಪದ ಕೊನೆಗೇ ಇದೆ, ಆದರೂ ಕಾಗದದ ಮೇಲ್ತುದಿಯಲ್ಲೇ ಇದೆ.

‘ಲಾಗಿದೆ’, ‘ತಕ್ಕದ್ದು’ ಇವೆರಡನ್ನೂ ಮನೆಗೆ ಹೋಗುವ ಕಾಗದದಿಂದ ತೆಗೆಯಿರಿ. ‘ಕೋರಲಾಗಿದೆ’ ಅಂದರೆ ಯಾರು ಕೋರಿದ್ದು, ಯಾರನ್ನು ಕೋರಿದ್ದು ಎರಡೂ ಗೊತ್ತಾಗುವುದಿಲ್ಲ. ‘ತಲುಪಿಸತಕ್ಕದ್ದು’ ಅಂದರೆ ಮಗು ತಲುಪಿಸಬೇಕೋ ಅಪ್ಪ ಬರಬೇಕೋ ತಿಳಿಯದು. ‘ಬನ್ನಿ’, ‘ಕಳಿಸಿ’, ‘ಸಹಿ ಹಾಕಿ’ ಅಂತ ಬರೆದರೆ ಮರ್ಯಾದೆಗೆ ಏನೂ ಕಮ್ಮಿಯಾಗುವುದಿಲ್ಲ. ಬಹುವಚನದಲ್ಲೇ ಗೌರವ ಇದೆಯಲ್ಲ.

ಈಗ ತಿದ್ದೋಣ. ಒಂದು ಖಾಲಿ ಹಾಳೆ ತಗೊಂಡು ನಾಲ್ಕು ಸಾಲು ಬರೆಯಿರಿ: ದಿನ, ಸ್ಥಳ, ಸಮಯ, ನೀವು ಮಾಡಬೇಕಾದ್ದು. ಕರಡಿನಿಂದ ಹೆಕ್ಕಿ ಈ ಸಾಲುಗಳನ್ನು ತುಂಬಿಸಿ. ಇಲ್ಲೊಂದು ತಮಾಷೆ ನಡೆಯುತ್ತೆ. ತುಂಬಿಸಲು ಹೋದರೆ ಸಾಮಗ್ರಿಯೇ ಸಾಲುವುದಿಲ್ಲ. ಉದ್ದ ವಾಕ್ಯದಲ್ಲಿ ಎಲ್ಲ ಇದ್ದ ಹಾಗೆ ಕಂಡಿತ್ತು, ಆದರೆ ಇರಲಿಲ್ಲ. ನನ್ನ ಅನುಭವದಲ್ಲಿ ಸುತ್ತೋಲೆಯ ಗೊಂದಲಕ್ಕೆ ಬರವಣಿಗೆ ಕಾರಣವಾಗಿರುವುದು ಅರ್ಧ ಸಲ. ಉಳಿದರ್ಧ ಸಲ ಶಾಲೆಯಲ್ಲೇ ಆ ವಿಷಯ ಇನ್ನೂ ತೀರ್ಮಾನ ಆಗಿರುವುದಿಲ್ಲ. ‘ಶಾಲಾ ಆವರಣ’, ‘ತಪ್ಪದೇ’, ‘ಸೂಕ್ತ ದಾಖಲೆಗಳೊಂದಿಗೆ’ ಇಂಥ ಪದಗಳು ಆ ತೂತನ್ನು ಮುಚ್ಚಿಕೊಂಡು ಕೂತಿರುತ್ತವೆ.

ದಿನದ ಸಾಲಿನಿಂದ ಶುರು ಮಾಡೋಣ. ‘17.01.2026’ ಸರಿಯೇ, ಆದರೆ ಊರಿನಲ್ಲಿ ಜನ ದಿನವನ್ನು ಲೆಕ್ಕ ಇಡುವುದು ವಾರದಿಂದ. "ಶನಿವಾರ, ಜನವರಿ 17" ಅಂತ ಬರೆಯಿರಿ. ವಾರ ಹಾಕುವುದರಿಂದ ಇನ್ನೊಂದು ಲಾಭವಿದೆ. 17ರ ಬದಲು ಕೈತಪ್ಪಿ 27 ಅಂತ ಟೈಪ್ ಆದರೆ, ಶನಿವಾರಕ್ಕೂ 27ಕ್ಕೂ ತಾಳೆಯಾಗುವುದಿಲ್ಲ. ಯಾರಾದರೂ ಒಬ್ಬರು ಕ್ಯಾಲೆಂಡರ್ ನೋಡಿ ಕೇಳಿಯೇ ಕೇಳುತ್ತಾರೆ. ಬರೀ ಅಂಕಿ ಇದ್ದರೆ ತಪ್ಪು ಹಾಗೇ ಊರೆಲ್ಲ ಸುತ್ತುತ್ತದೆ. ಈ ಸಲ ಸಂಕ್ರಾಂತಿ ಅದೇ ವಾರ ಬಂದಿದೆ. ಹಾಗಾಗಿ "ಸಂಕ್ರಾಂತಿ ಆದ ಮೇಲೆ ಬರುವ ಶನಿವಾರ" ಅಂತ ಸೇರಿಸಿದರೆ ಅಜ್ಜಿಗೂ ನೆನಪಿರುತ್ತೆ. ಒಂದು ಪದ ಮಾತ್ರ ಎಂದೂ ಬರೆಯಬೇಡಿ: ‘ನಾಳೆ’. ಶುಕ್ರವಾರ ರಾತ್ರಿ ಕಳಿಸಿದ್ದನ್ನು ಶನಿವಾರ ಬೆಳಿಗ್ಗೆ ಹಾಲು ಹಾಕಿ ಬಂದು ನೋಡಿದವರಿಗೆ ನಾಳೆ ಅಂದರೆ ಭಾನುವಾರ.

ಸ್ಥಳ. ‘ಶಾಲಾ ಆವರಣ’ ಅಂತ ಬರೆದಿದ್ದೀರಿ. ನಿಮ್ಮಲ್ಲಿ ಪ್ರಾಥಮಿಕ ಶಾಲೆಯೂ ಪ್ರೌಢಶಾಲೆಯೂ ಒಂದೇ ಕಾಂಪೌಂಡಿನಲ್ಲಿದ್ದರೆ ಇದು ಸಾಲದು. ನಾನು ಹಿಂದೆ ಕೆಲಸ ಮಾಡಿದ ಒಂದು ಶಾಲೆಯಲ್ಲಿ ಹೀಗೇ ಆಗಿತ್ತು. ಹತ್ತನೇ ತರಗತಿಯ ಹದಿನೈದು ಇಪ್ಪತ್ತು ಪೋಷಕರು ಪ್ರಾಥಮಿಕ ಶಾಲೆಯ ಜಗಲಿಯ ಮೇಲೆ ಕೂತಿದ್ದರು. ನಾವು ಹಿಂದಿನ ಕಟ್ಟಡದಲ್ಲಿ ಖಾಲಿ ಬೆಂಚು ನೋಡಿಕೊಂಡು, ಈ ಜನಕ್ಕೆ ಮಕ್ಕಳ ಓದಿನ ಮೇಲೆ ಆಸಕ್ತಿಯೇ ಇಲ್ಲ ಅಂತ ಬೈಕೊಳ್ಳುತ್ತಿದ್ದೆವು. ಮುಕ್ಕಾಲು ಗಂಟೆ ಆದ ಮೇಲೆ ನೀರು ಕುಡಿಯಲು ಹೋದ ಹುಡುಗನೊಬ್ಬ ಬಂದು ಹೇಳಿದ, "ಸಾರ್, ನಮ್ಮಮ್ಮ ಆ ಕಡೆ ಕೂತವ್ಳೆ." ಸುತ್ತೋಲೆ ಬರೆದವನು ನಾನೇ. ಕಟ್ಟಡ, ಕೊಠಡಿ, ಗುರುತು ಮೂರೂ ಬರೆಯಿರಿ: "ಪ್ರೌಢಶಾಲೆಯ ಹೊಸ ಕಟ್ಟಡ, 10ನೇ ತರಗತಿ ಕೊಠಡಿ, ನೀರಿನ ಟ್ಯಾಂಕ್ ಪಕ್ಕ."

ಸಮಯದ ಸಾಲಿನಲ್ಲಿ ನಿಮ್ಮ ಕರಡು ಶುರುವಾಗುವ ಹೊತ್ತು ಮಾತ್ರ ಹೇಳುತ್ತದೆ, ಮುಗಿಯುವ ಹೊತ್ತು ಹೇಳುವುದಿಲ್ಲ. ಸಂಬಳದವರಿಗೆ ಇದು ಚಿಕ್ಕ ವಿಷಯ. ಕೂಲಿಗೆ ಹೋಗುವವರಿಗೆ ಇದೇ ದೊಡ್ಡ ವಿಷಯ: ಅರ್ಧ ದಿನದ ಕೂಲಿ ಹೋಗುತ್ತಾ, ಇಡೀ ದಿನದ್ದು ಹೋಗುತ್ತಾ? ನಿಮ್ಮ ಶಿಡ್ಲಘಟ್ಟದ ಕಡೆ ಇನ್ನೊಂದಿದೆ, ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಮನೆಯಲ್ಲಿ ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನವಾದರೆ ಯಾರೂ ಜಾಸ್ತಿ ಹೊತ್ತು ಹೊರಗಿರಲು ಆಗಲ್ಲ. ಹುಳು ಕಾಯುವುದಿಲ್ಲ. "11ರಿಂದ 12.30ರವರೆಗೆ" ಅಂತ ಕಂಡರೆ ಅವರು ಲೆಕ್ಕ ಹಾಕಿ ಒಬ್ಬರನ್ನು ಕಳಿಸುತ್ತಾರೆ. ಬರೀ "11.00 ಗಂಟೆಗೆ" ಅಂತಿದ್ದರೆ ಸಂಜೆಯವರೆಗೂ ಕೂರಿಸುತ್ತಾರೇನೋ ಅಂತ ಯಾರೂ ಬರುವುದಿಲ್ಲ. ಆದರೆ 12.30 ಅಂತ ಬರೆದ ಮೇಲೆ ಅಷ್ಟೊತ್ತಿಗೆ ಬಿಡಲೇಬೇಕು. ಹೆಡ್‌ಮಾಸ್ಟರ್ ಭಾಷಣವನ್ನೂ ಸೇರಿಸಿ!

ನಾಲ್ಕನೆಯ ಸಾಲು, ಮಾಡಬೇಕಾದ್ದು. ನಿಮ್ಮ ಕರಡಿನ ನಿಜವಾದ ತೊಡಕು ಇಲ್ಲಿದೆ. ಒಂದೇ ಕಾಗದದಲ್ಲಿ ಎರಡು ದಿನ, ಎರಡು ಕೆಲಸ. ಮನುಷ್ಯರ ತಲೆ ಒಂದು ಕಾಗದಕ್ಕೆ ಒಂದು ದಿನವನ್ನು ಮಾತ್ರ ಅಂಟಿಸಿಕೊಳ್ಳುತ್ತದೆ. ಸಭೆ 17ಕ್ಕೆ ಅಂತ ನೆನಪಿಟ್ಟುಕೊಂಡವರು ಒಪ್ಪಿಗೆ ಪತ್ರವನ್ನೂ 17ಕ್ಕೇ ತರುತ್ತಾರೆ. ವಿದ್ಯಾರ್ಥಿವೇತನದ ಪಾಸ್‌ಬುಕ್ ನಕಲು ಕೇಳಿದ್ದ ಒಂದು ಸುತ್ತೋಲೆಯಲ್ಲಿ ನಾನು ಇದೇ ಪೆಟ್ಟು ತಿಂದಿದ್ದೇನೆ. ನಕಲು ಕೊಡಲು ಒಂದು ದಿನ, ಸಭೆಗೆ ಇನ್ನೊಂದು ದಿನ ಹಾಕಿದ್ದೆ. ಮೊದಲನೆಯ ದಿನ ಬೆರಳೆಣಿಕೆಯಷ್ಟು ಬಂತು. ಸಭೆಯ ದಿನ ಎಲ್ಲರೂ ಖುಷಿಯಾಗಿ ನಕಲು ಹಿಡಿದುಕೊಂಡು ಬಂದರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಹಾಗಾಗಿ ಬರೆಯುವ ಮೊದಲು ಹೆಡ್‌ಮಾಸ್ಟರನ್ನು ಒಂದು ಮಾತು ಕೇಳಿ: ಒಪ್ಪಿಗೆ ಪತ್ರ 13ಕ್ಕೇ ಯಾಕೆ ಬೇಕು? ಸಭೆಯಲ್ಲೇ ಸಹಿ ಹಾಕಿಸಿಕೊಂಡರೆ ಆಗಲ್ವಾ? ಆಗುತ್ತೆ ಅಂದರೆ ಒಂದು ದಿನ ಕಾಗದದಿಂದ ಮಾಯವಾಯಿತು, ಅರ್ಧ ಫೋನು ನಿಂತವು. ಇಲ್ಲ, ಯಾವ ಊರಿನಿಂದ ಎಷ್ಟು ಮಕ್ಕಳು ಸಂಜೆ ಉಳಿಯುತ್ತಾರೆ ಅಂತ ಲೆಕ್ಕ ಹಾಕಿ ಸಭೆಯಲ್ಲಿ ವೇಳಾಪಟ್ಟಿ ತೋರಿಸಬೇಕು ಅಂದರೆ, 13 ಬೇಕೇ ಬೇಕು. ಆಗ ಎರಡನ್ನೂ ಕ್ಯಾಲೆಂಡರ್ ಕ್ರಮದಲ್ಲಿ ಇಡಿ. ಮೊದಲು ಮಾಡಬೇಕಾದ್ದು ಮೊದಲು. ಮುಖ್ಯವಾದದ್ದು ಯಾವುದು ಅನ್ನುವ ಲೆಕ್ಕ ಇಲ್ಲಿ ಬೇಡ.

ಎರಡು ಪ್ರಶ್ನೆ ಇನ್ನೂ ಉಳಿದಿವೆ, ಎರಡೂ ಫೋನಿನಲ್ಲಿ ಬಂದೇ ಬರುತ್ತವೆ. ಅಪ್ಪ ಅಮ್ಮ ಇಬ್ಬರೂ ಬರಬೇಕಾ, ಅಜ್ಜ ಬಂದರೆ ಆಗುತ್ತಾ? ಬರಲು ಆಗದಿದ್ದರೆ ಏನು ಮಾಡೋದು? ಇವಕ್ಕೂ ಉತ್ತರ ಕೇಳಿ ಇಟ್ಟುಕೊಳ್ಳಿ. ಎಲ್ಲ ಸಿಕ್ಕಿದೆ, 13 ಇರಲೇಬೇಕು ಅಂತ ಇಟ್ಟುಕೊಂಡರೆ ಸುತ್ತೋಲೆ ಹೀಗಾಗುತ್ತದೆ:

> 10ನೇ ತರಗತಿ ಮಕ್ಕಳ ಪೋಷಕರಿಗೆ
>
> ಶನಿವಾರ ಪೋಷಕರ ಸಭೆಗೆ ಬನ್ನಿ. ಅದಕ್ಕೂ ಮುಂಚೆ, ಮಂಗಳವಾರದೊಳಗೆ, ಒಪ್ಪಿಗೆ ಪತ್ರ ಕಳಿಸಿ.
>
> ದಿನ: ಶನಿವಾರ, ಜನವರಿ 17, 2026 (ಸಂಕ್ರಾಂತಿ ಆದ ಮೇಲೆ ಬರುವ ಶನಿವಾರ)
>
> ಸ್ಥಳ: ಪ್ರೌಢಶಾಲೆಯ ಹೊಸ ಕಟ್ಟಡ, 10ನೇ ತರಗತಿ ಕೊಠಡಿ, ನೀರಿನ ಟ್ಯಾಂಕ್ ಪಕ್ಕ
>
> ಸಮಯ: ಬೆಳಿಗ್ಗೆ 11ರಿಂದ ಮಧ್ಯಾಹ್ನ 12.30ರವರೆಗೆ
>
> ನೀವು ಮಾಡಬೇಕಾದ್ದು:
>
> ಮಂಗಳವಾರ, ಜನವರಿ 13ರೊಳಗೆ: ಕೆಳಗಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಮಗುವಿನ ಕೈಲಿ ಕಳಿಸಿ.
>
> ಶನಿವಾರ, ಜನವರಿ 17: ಮನೆಯಿಂದ ದೊಡ್ಡವರು ಒಬ್ಬರು ಸಭೆಗೆ ಬನ್ನಿ. ಏನೂ ತರಬೇಕಿಲ್ಲ.
>
> ಬರಲು ಆಗದಿದ್ದರೆ ತರಗತಿ ಶಿಕ್ಷಕರಿಗೆ ಶುಕ್ರವಾರದೊಳಗೆ ತಿಳಿಸಿ.
>
> ಸಭೆ ಯಾಕೆ: ಪರೀಕ್ಷೆ ಹತ್ತಿರ ಬರುತ್ತಿದೆ. ಸಂಜೆ ವಿಶೇಷ ತರಗತಿ ನಡೆಸುತ್ತೇವೆ. ಅದರ ವೇಳಾಪಟ್ಟಿ ತೋರಿಸಿ, ಮಕ್ಕಳು ಮನೆಗೆ ಹೇಗೆ ಬರುತ್ತಾರೆ ಅಂತ ನಿಮ್ಮ ಜೊತೆ ಮಾತಾಡಬೇಕು.
>
> ಮುಖ್ಯ ಶಿಕ್ಷಕರು

ನಿಮ್ಮ ಕರಡಿನ ಮೊದಲ 23 ಪದಗಳಲ್ಲಿದ್ದ ‘ಕಲಿಕಾ ಮಟ್ಟ’, ‘ಫಲಿತಾಂಶ ಸುಧಾರಣೆ’ ಎಲ್ಲ ಈಗ ‘ಸಭೆ ಯಾಕೆ’ ಅನ್ನುವ ಕಡೆ ಮೂರು ಸಾದಾ ವಾಕ್ಯವಾಗಿವೆ. ಕಾರಣ ಬೇಡ ಅಂತ ನಾನು ಹೇಳುತ್ತಿಲ್ಲ. ಮೊದಲು ಬೇಡ, ಅಷ್ಟೆ. ಇನ್ನೊಂದು ಗಮನಿಸಿ, ದಿನಕ್ಕೂ ಮೇಲೆ ‘10ನೇ ತರಗತಿ ಮಕ್ಕಳ ಪೋಷಕರಿಗೆ’ ಅಂತ ಇಟ್ಟಿದ್ದೇನೆ. ಇದು ನನಗೆ ಸಂಬಂಧಿಸಿದ್ದಾ ಅನ್ನುವುದು ಓದುವವರ ಮೊದಲ ಪ್ರಶ್ನೆ. ಎಂಟನೇ ತರಗತಿ ಹುಡುಗನ ಅಪ್ಪ ಈ ಸಾಲು ನೋಡಿ ಫೋನ್ ಕೆಳಗಿಟ್ಟರೆ ನಿಮಗೂ ಒಂದು ಕರೆ ಉಳಿಯಿತು.

‘ಏನೂ ತರಬೇಕಿಲ್ಲ’ ಅನ್ನುವುದು ಅತಿಯಾಯಿತು ಅನ್ನಿಸಬಹುದು. ಹಾಗಲ್ಲ. ಶಾಲೆಯಿಂದ ಕರೆ ಬಂತು ಅಂದರೆ ಆಧಾರ್, ಪಾಸ್‌ಬುಕ್, ಜಾತಿ ಆದಾಯ ಪ್ರಮಾಣಪತ್ರ ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬರುವ ಅಭ್ಯಾಸ ನಮ್ಮವರಿಗಿದೆ. ಯಾವುದೋ ಒಂದು ಕಾಗದ ಇಲ್ಲ ಅಂತ ಬರದೇ ಉಳಿಯುವವರೂ ಇದ್ದಾರೆ.

ಒಪ್ಪಿಗೆ ಪತ್ರವನ್ನು ಸುತ್ತೋಲೆಯ ಕೆಳಗೇ ಮುದ್ರಿಸಿ ಕತ್ತರಿಸಿ ಕಳಿಸಿ ಅನ್ನುತ್ತೀರಲ್ಲ, ಅಲ್ಲಿ ಒಂದು ಎಚ್ಚರ. ಕತ್ತರಿಸಿದ ಮೇಲೆ ಮನೆಯಲ್ಲಿ ಉಳಿಯುವುದು ಮೇಲಿನ ಭಾಗ. ಸಭೆಯ ದಿನ, ಸ್ಥಳ, ಸಮಯ ಆ ಭಾಗದಲ್ಲೇ ಇರಬೇಕು. ಸಭೆಯ ದಿನಾಂಕವನ್ನು ಚೀಟಿಯಲ್ಲಿ ಮಾತ್ರ ಅಚ್ಚು ಹಾಕಿ, ಅದನ್ನು ವಾಪಸ್ ತರಿಸಿಕೊಂಡು, ಆಮೇಲೆ ಜನ ದಿನ ಮರೆತರು ಅಂದದ್ದನ್ನು ನಾನು ನೋಡಿದ್ದೇನೆ. ಚೀಟಿಯಲ್ಲಿ ಮಗುವಿನ ಹೆಸರು, ಒಪ್ಪಿಗೆ ಇದೆ ಅಥವಾ ಇಲ್ಲ, ಸಹಿ, ಇಷ್ಟೇ ಸಾಕು. ಹೆಬ್ಬೆಟ್ಟಿಗೂ ಜಾಗ ಬಿಡಿ.

ಈಗ ಹೆಡ್‌ಮಾಸ್ಟರ್ ಮಾತಿಗೆ ಬರೋಣ. ಅವರು ಹೇಳುವುದರಲ್ಲಿ ಅರ್ಧ ಸತ್ಯವಿದೆ. ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೋ ಉಪನಿರ್ದೇಶಕರ ಕಚೇರಿಗೋ ಹೋಗುವ ಪತ್ರದಲ್ಲಿ ವಿಷಯ, ಉಲ್ಲೇಖ, ಕ್ರಮಸಂಖ್ಯೆ ಮೇಲೇ ಇರಬೇಕು. ಅಲ್ಲಿ ಓದುವವರು ಕಡತ ಹುಡುಕುವ ಗುಮಾಸ್ತರು. ಯಾವ ಪತ್ರಕ್ಕೆ ಇದು ಉತ್ತರ ಅನ್ನುವುದೇ ಅವರ ಮೊದಲ ಪ್ರಶ್ನೆ, ಹಾಗಾಗಿ ಅದೇ ಮೊದಲು. ನಿಮ್ಮ ಕಾಗದ ಓದುವವರ ಮೊದಲ ಪ್ರಶ್ನೆ ಬೇರೆ. ಪೋಷಕರಿಗೆ ಹೋಗುವ ಪ್ರತಿಯಲ್ಲಿ ಉಲ್ಲೇಖ ಮತ್ತು ಕ್ರಮಸಂಖ್ಯೆಯನ್ನು ಸಹಿಯ ಕೆಳಗೆ, ಎಡಗಡೆ, ಚಿಕ್ಕ ಅಕ್ಷರದಲ್ಲಿ ಒಂದೇ ಸಾಲಿನಲ್ಲಿ ಇಡಿ. ದಾಖಲೆಗೆ ಏನೂ ಲೋಪವಾಗುವುದಿಲ್ಲ, ಕಡತದಲ್ಲಿ ಹುಡುಕಿದರೆ ಸಿಗುತ್ತದೆ. ‘ವಿಷಯ’ ಬೇಕೇ ಬೇಕು ಅಂತ ಹಠ ಹಿಡಿದರೆ ಇಡಿ, ಆದರೆ ಆ ಸಾಲಿಗೇ ಕೆಲಸ ಕೊಡಿ. "ಪೋಷಕರ ಸಭೆ ಏರ್ಪಡಿಸಿರುವ ಬಗ್ಗೆ" ಅನ್ನುವ ಬದಲು "ವಿಷಯ: ಜನವರಿ 17, ಶನಿವಾರ, ಬೆಳಿಗ್ಗೆ 11ಕ್ಕೆ 10ನೇ ತರಗತಿ ಪೋಷಕರ ಸಭೆ". ಅವರಿಗೆ ವಿಷಯವೂ ಸಿಕ್ಕಿತು, ನಿಮಗೆ ದಿನವೂ ಸಿಕ್ಕಿತು. ನಾನು ಎಷ್ಟೋ ಕಡೆ ಜಗಳವಾಡದೆ ಗೆದ್ದಿರುವುದು ಈ ಒಂದು ಸಾಲಿನಿಂದಲೇ.

ಶಾಲೆಯ ಹೆಸರಿನ ತಲೆಬರಹವೂ ಜಾಗ ತಿನ್ನುತ್ತದೆ. ಶಾಲೆ, ಗ್ರಾಮ, ಹೋಬಳಿ, ತಾಲ್ಲೂಕು, ಜಿಲ್ಲೆ, ಪಿನ್‌ಕೋಡ್, ಹನ್ನೊಂದು ಅಂಕಿಯ ಡೈಸ್ ಕೋಡ್ ಎಲ್ಲ ಸೇರಿ ಪುಟದ ಕಾಲುಭಾಗ. ಮನೆಯವರಿಗೆ ಶಾಲೆಯ ಹೆಸರೊಂದೇ ಸಾಕು, ಹೋಬಳಿ ಅವರಿಗೆ ಗೊತ್ತಿದೆ.

ವಾಟ್ಸಾಪ್‌ನಲ್ಲಿ ಈ ಜಾಗದ ಬೆಲೆ ಇನ್ನೂ ಜಾಸ್ತಿ. ಸಂದೇಶ ಬಂದಾಗ ಫೋನಿನ ಮೇಲೆ ಇಣುಕುವುದು ಮೊದಲ ಒಂದೆರಡು ಸಾಲು ಮಾತ್ರ. ಗ್ರೂಪ್ ತೆರೆದರೂ ಸಂದೇಶ ಉದ್ದವಿದ್ದರೆ ಕೆಳಗಿನದು `Read more` ಹಿಂದೆ ಅಡಗಿರುತ್ತದೆ. "ಎಲ್ಲಾ ಆತ್ಮೀಯ ಪೋಷಕರಿಗೆ ಶುಭೋದಯ, ಈ ಮೂಲಕ ತಮ್ಮೆಲ್ಲರ ಗಮನಕ್ಕೆ ತರುವುದೇನೆಂದರೆ" ಅಂತ ಶುರು ಮಾಡಿದರೆ ಆ ಎರಡು ಸಾಲು ಶುಭೋದಯಕ್ಕೇ ಖರ್ಚಾಯಿತು. ಗ್ರೂಪಿಗೆ ಹೀಗೆ ಹಾಕಿ:

```
*10ನೇ ತರಗತಿ: ಶನಿವಾರ ಜನವರಿ 17, ಬೆಳಿಗ್ಗೆ 11ಕ್ಕೆ ಪೋಷಕರ ಸಭೆ*
ಸ್ಥಳ: ಪ್ರೌಢಶಾಲೆ ಹೊಸ ಕಟ್ಟಡ, 10ನೇ ತರಗತಿ ಕೊಠಡಿ
12.30ಕ್ಕೆ ಮುಗಿಯುತ್ತದೆ. ಒಬ್ಬರು ಬಂದರೆ ಸಾಕು.

*ಮಂಗಳವಾರ ಜನವರಿ 13ರೊಳಗೆ: ಒಪ್ಪಿಗೆ ಪತ್ರ ಕಳಿಸಿ*
ಪತ್ರ ಮಗುವಿನ ಕೈಲಿ ಕೊಟ್ಟಿದ್ದೇವೆ.
```

ನಕ್ಷತ್ರ ಚಿಹ್ನೆ ಹಾಕಿದ ಸಾಲು ದಪ್ಪಕ್ಷರವಾಗುತ್ತದೆ. ಚಿಹ್ನೆಗೂ ಅಕ್ಷರಕ್ಕೂ ನಡುವೆ ಜಾಗ ಬಿಡಬೇಡಿ, ಬಿಟ್ಟರೆ ದಪ್ಪವಾಗದೆ ಚಿಹ್ನೆಯೇ ಕಾಣಿಸುತ್ತೆ. ದಪ್ಪಕ್ಷರ ಎರಡು ಸಾಲಿಗೆ ಮಾತ್ರ ಇರಲಿ. ಕೆಲವರು ಇಡೀ ಸುತ್ತೋಲೆಯನ್ನೇ ದಪ್ಪ ಮಾಡುತ್ತಾರೆ, ಆಗ ಯಾವುದೂ ದಪ್ಪವಲ್ಲ. ಇಲ್ಲಿ ಸಭೆಯನ್ನು ಮೊದಲು ಇಟ್ಟು 13ನ್ನು ಕೆಳಗಿಟ್ಟಿದ್ದೇನೆ, ಕ್ಯಾಲೆಂಡರ್ ಕ್ರಮ ಮುರಿದಿದೆ ಅಂತ ನೀವು ಹಿಡಿಯಬಹುದು. ಕಾರಣ ಇದೆ. ಒಪ್ಪಿಗೆ ಪತ್ರ ಮಗುವಿನ ಕೈಲಿ ಕಾಗದವಾಗಿ ಹೋಗುತ್ತದೆ, ಮಗುವೇ ನೆನಪಿಸುತ್ತದೆ. ಸಭೆಯನ್ನು ಸಂದೇಶ ಒಂದೇ ನೆನಪಿಸಬೇಕು. ನಿಮಗೆ ಒಪ್ಪಿಗೆ ಇಲ್ಲದಿದ್ದರೆ ಎರಡು ಬೇರೆ ಬೇರೆ ಸಂದೇಶ ಮಾಡಿ, ಒಂದನ್ನು ಇವತ್ತು, ಇನ್ನೊಂದನ್ನು 14ಕ್ಕೆ ಕಳಿಸಿ. ನನ್ನ ಕೇಳಿದರೆ ಅದೇ ಇನ್ನೂ ಒಳ್ಳೆಯದು.

ಸುತ್ತೋಲೆಯ ಫೋಟೊ ತೆಗೆದು ಗ್ರೂಪಿಗೆ ಹಾಕುವ ಅಭ್ಯಾಸವನ್ನು ಬಿಡಿ ಅಂದರೆ ಎಲ್ಲರೂ ಒಂದೇ ಕಾರಣ ಹೇಳುತ್ತಾರೆ: "ಕಂಪ್ಯೂಟರಿನಿಂದ ಕಾಪಿ ಮಾಡಿದರೆ ಅಕ್ಷರ ಕೆಟ್ಟು ಹೋಗುತ್ತೆ ಸರ್." ನಿಜ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಫೋನಿಗೆ ಹಾಕಿದರೆ ‘ಕನ್ನಡ’ ಅನ್ನುವುದು `PÀ£ÀßqÀ` ಅಂತ ಕಾಣುತ್ತೆ. ಅದಕ್ಕೆ ಮದ್ದು ಯೂನಿಕೋಡ್. ಹೊಸ ನುಡಿಯಲ್ಲಿ ಯೂನಿಕೋಡ್ ಆಯ್ಕೆ ಇದೆ, ಕೀಲಿಮಣೆ ಅದೇ, ಕೈ ಮತ್ತೆ ಕಲಿಯಬೇಕಿಲ್ಲ. ಅದೂ ಬೇಡ ಅಂದರೆ ಆ ಐದು ಸಾಲನ್ನು ಫೋನಿನಲ್ಲೇ ಟೈಪ್ ಮಾಡಿ. ಫೋಟೊ ಹಾಕಲೇಬೇಕು ಅಂದರೆ ಅದರ ಜೊತೆಗಾದರೂ ಈ ಸಾಲುಗಳು ಇರಲಿ. ಅಕ್ಷರದಲ್ಲಿದ್ದರೆ ಪೋಷಕರು ಮೂರು ದಿನ ಬಿಟ್ಟು ಗ್ರೂಪಿನಲ್ಲಿ ‘ಸಭೆ’ ಅಂತ ಹುಡುಕಿದರೂ ಸಿಗುತ್ತೆ. ಸೊಟ್ಟ ಫೋಟೊದಲ್ಲಿ ಹುಡುಕಲು ಆಗಲ್ಲ.

ನಿಮ್ಮ ಕಡೆಗೆ ಮಾತ್ರ ಅನ್ವಯಿಸುವ ಒಂದು ಮಾತಿದೆ. ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಶಿಡ್ಲಘಟ್ಟ, ಚಿಂತಾಮಣಿ ಪೇಟೆಯಲ್ಲಿ ಉರ್ದು ಮಾತಾಡುವ ಮನೆಗಳೂ ಇವೆ. ಸುತ್ತೋಲೆಯನ್ನು ಮಗು ಓದುತ್ತೆ, ಓದಿ ಅಮ್ಮನಿಗೆ ಮನೆ ಮಾತಿನಲ್ಲಿ ಹೇಳುತ್ತೆ. ನಿಮ್ಮ 51 ಪದದ ವಾಕ್ಯವನ್ನು ಹದಿನೈದು ವರ್ಷದ ಹುಡುಗಿ ನಿಂತ ನಿಲುವಿನಲ್ಲಿ ತೆಲುಗಿಗೆ ತಿರುಗಿಸಬೇಕು ಅಂದರೆ ಏನು ಮಾಡುತ್ತಾಳೆ? "ಅಮ್ಮಾ, ಸ್ಕೂಲ್ಲೋ ಮೀಟಿಂಗಂಟ" ಅಂದು ಮುಗಿಸುತ್ತಾಳೆ. ದಿನ, ಹೊತ್ತು ಎಲ್ಲ ಅಲ್ಲೇ ಉದುರಿಹೋಯಿತು. ‘ಶನಿವಾರ, 11ಕ್ಕೆ, ಹೊಸ ಕಟ್ಟಡ’ ಅಂತ ಬಿಡಿಬಿಡಿಯಾಗಿದ್ದರೆ ಅವಳು ಒಂದೊಂದಾಗಿ ಹೇಳಿಬಿಡುತ್ತಾಳೆ. ಅದಕ್ಕೇ ಸಂಜೆ ಬೆಲ್ ಹೊಡೆಯುವ ಮುಂಚೆ ಇದೇ ನಾಲ್ಕು ಸಾಲನ್ನು ಬೋರ್ಡಿನ ಮೇಲೆ ಬರೆದು ಮಕ್ಕಳಿಂದ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿಸಿ. ಫೋನಿಲ್ಲದ ಮನೆಗೂ ಸುದ್ದಿ ಮುಟ್ಟುತ್ತದೆ.

ಕಳಿಸುವ ಮುಂಚೆ ಒಂದು ಪರೀಕ್ಷೆ ಮಾಡಿ. ಇನ್ನೊಬ್ಬ ಶಿಕ್ಷಕರಿಗೆ ತೋರಿಸಬೇಡಿ, ಅವರಿಗೆ ವಿಷಯ ಆಗಲೇ ಗೊತ್ತು, ಇಲ್ಲದ್ದನ್ನೂ ಓದಿಕೊಳ್ಳುತ್ತಾರೆ. ನಾನು ಬಿಸಿಯೂಟದ ಅಡುಗೆ ಅಕ್ಕನಿಗೆ ಕೊಡುತ್ತಿದ್ದೆ. ಒಂದು ಸಲ ಓದಿ ಅಕ್ಕ ಅನ್ನುವುದು, ಓದಿದ ಕೂಡಲೇ ಕಾಗದ ವಾಪಸ್ ತಗೊಂಡು ನಾಲ್ಕು ಪ್ರಶ್ನೆ ಕೇಳುವುದು. ಒಮ್ಮೆ ಅವರು ಹೇಳಿದ್ದು ಇವತ್ತಿಗೂ ನೆನಪಿದೆ: "ಶನಿವಾರ ಸಾರ್, ಹನ್ನೊಂದಕ್ಕೆ. ಎಲ್ಲಿ ಅಂದ್ರೆ... ಸ್ಕೂಲಲ್ಲೇ ಅಲ್ವಾ? ಇನ್ನೇನು ತರಬೇಕೋ ಬರ್ದಿದ್ರೇನೋ, ಮರ್ತೋಯ್ತು." ಅಕ್ಕ ಮರೆತಿರಲಿಲ್ಲ. ನಾನೇ ಅದನ್ನು ಎಂಟನೇ ಸಾಲಿನಲ್ಲಿ ಒಂದು ಆವರಣದೊಳಗೆ ಹುದುಗಿಸಿಟ್ಟಿದ್ದೆ. ಯಾವ ಪ್ರಶ್ನೆಗೆ ತಡವರಿಸುತ್ತಾರೋ ಆ ಸಾಲನ್ನು ತಿದ್ದಿ, ಓದಿದವರನ್ನು ತಿದ್ದಲು ಹೋಗಬೇಡಿ. ಕಳಿಸಿದ ಮೇಲೂ ಫೋನ್ ಬಂದರೆ ಯಾವ ಪ್ರಶ್ನೆ ಎಷ್ಟು ಸಲ ಬಂತು ಅಂತ ಕಾಗದದ ಹಿಂದೆ ಗೆರೆ ಹಾಕಿಡಿ. ‘ಎಲ್ಲಿ’ ಅಂತಲೇ ಐದು ಜನ ಕೇಳಿದರೆ ಮುಂದಿನ ಸಲ ಸ್ಥಳದ ಸಾಲನ್ನು ಇನ್ನೂ ಬಿಡಿಸಿ ಬರೆಯಬೇಕು ಅಂತ ಅರ್ಥ.

ಎಲ್ಲ ಸುತ್ತೋಲೆಗೂ ಈ ಅಚ್ಚು ಕೂರುವುದಿಲ್ಲ. ಬರೀ ಮಾಹಿತಿ ಇದ್ದರೆ, ಉದಾಹರಣೆಗೆ ಶಾಲೆಗೆ ಹೊಸ ವಿಜ್ಞಾನ ಶಿಕ್ಷಕರು ಬಂದಿದ್ದಾರೆ ಅಂತಿದ್ದರೆ, "ಮಾಹಿತಿಗಾಗಿ ಮಾತ್ರ, ನೀವೇನೂ ಮಾಡಬೇಕಿಲ್ಲ" ಅಂತ ಮೇಲೆ ಒಂದು ಸಾಲು ಸಾಕು. ಸಭೆ ಇಲ್ಲದೆ ದಾಖಲೆ ಮಾತ್ರ ಬೇಕಿದ್ದರೆ ಸ್ಥಳ, ಸಮಯದ ಸಾಲನ್ನು ಬಲವಂತವಾಗಿ ತುಂಬಿಸಬೇಡಿ. ಕೆಲಸ ಮೊದಲು, ಕೊನೆಯ ದಿನ ಆಮೇಲೆ, ಯಾರ ಕೈಗೆ ಕೊಡಬೇಕು ಅನ್ನುವುದು ಮೂರನೆಯದು.

ಸಭೆ ಮುಂದಕ್ಕೆ ಹೋದರೆ ಹಳೆಯ ಸುತ್ತೋಲೆಯನ್ನೇ ತಿದ್ದಿ ಮತ್ತೆ ಹಾಕಬೇಡಿ. ಎರಡೂ ಒಂದೇ ಥರ ಕಾಣುತ್ತವೆ, ಹಳೆಯದು ಅಷ್ಟೊತ್ತಿಗೆ ಬೇರೆ ಗ್ರೂಪುಗಳಿಗೆ ಹೋಗಿರುತ್ತೆ. ಮೊದಲ ಸಾಲೇ "ದಿನ ಬದಲಾಗಿದೆ: ಜನವರಿ 17 ಅಲ್ಲ, ಶನಿವಾರ ಜನವರಿ 24" ಅಂತಿರಲಿ. ಸ್ಥಳ, ಸಮಯ ಬದಲಾಗದಿದ್ದರೂ ಅವನ್ನು ಮತ್ತೆ ಬರೆಯಿರಿ. ಕಳಿಸಿದ ದಿನಾಂಕವನ್ನು ಕೊನೆಯ ಸಾಲಿನಲ್ಲಿ ಹಾಕಿ, ಯಾವುದು ಹೊಸದು ಅಂತ ಗೊತ್ತಾಗಲಿ. ನೋಟಿಸ್ ಬೋರ್ಡಿನ ಮೇಲಿರುವ ಹಳೆಯ ಪ್ರತಿಯನ್ನು ಅವತ್ತೇ ಕಿತ್ತುಬಿಡಿ.